ಮೆಹಂದಿ ರಾತ್ರಿಯ ಎರಡು ಬಾಣಲೆ

ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಮದುವೆ ದಿನ ಮಧ್ಯಾಹ್ನ ಸಾಮಾನ್ಯವಾಗಿ ಸಸ್ಯಾಹಾರವೇ. ಆದರೆ ಅನೇಕ ಮನೆಗಳಲ್ಲಿ ಹಿಂದಿನ ರಾತ್ರಿಯ ಮೆಹಂದಿಗೆ ಕೋಳಿ, ಮೀನು ಬೇಕೇ ಬೇಕು. ಊರವರೆಲ್ಲ ಒಂದೇ ಚಪ್ಪರದಡಿ ಕೂರುವ ಊಟ ಅದು. ಮೀನು ಮುಟ್ಟದವರೂ ಬರುತ್ತಾರೆ, ಮೀನಿಲ್ಲದೆ ಅನ್ನ ಇಳಿಯದವರೂ ಬರುತ್ತಾರೆ. ತಮಾಷೆ ಶುರುವಾಗುವುದೂ ಅಲ್ಲೇ.

ಕಳೆದ ಬೇಸಿಗೆಯಲ್ಲಿ ಬೈಂದೂರು ಕಡೆಯ ಒಂದು ಮೆಹಂದಿಗೆ ಹೋಗಿದ್ದೆ. ಅಡುಗೆಯ ಅಕ್ಕ ಕೋಳಿ ಸುಕ್ಕದ ಜೊತೆಗೆ ಗುಜ್ಜೆ ಸುಕ್ಕವನ್ನೂ ಮಾಡಿದ್ದರು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತ್ಯ, ಕಾಳುಮೆಣಸು, ಎಲ್ಲ ಹುರಿದು ಒಟ್ಟಿಗೇ ಪುಡಿ ಮಾಡಿ ಎರಡು ಪಾಲು ಮಾಡಿದರು. ನೀರುಳ್ಳಿ, ಬೆಳ್ಳುಳ್ಳಿ ಬಿದ್ದದ್ದು ಕೋಳಿಯ ಪಾಲಿಗೆ ಮಾತ್ರ. ಊಟಕ್ಕೆ ಬರುವ ಕೆಲವರಿಗೆ ಅದೂ ಆಗುವುದಿಲ್ಲವೆಂದು ಅವರು ಮೊದಲೇ ಮನೆಯವರಲ್ಲಿ ಕೇಳಿಕೊಂಡಿದ್ದರು. ಗುಜ್ಜೆಯನ್ನು ಉಪ್ಪು, ಅರಸಿನ ಹಾಕಿ ಮುದ್ದೆಯಾಗದ ಹಾಗೆ ಬೇಯಿಸಿ, ಮಸಾಲೆ, ಹುಳಿ, ಕಾಯಿತುರಿ ಸೇರಿಸಿ ಮೊದಲು ಆ ಬಾಣಲೆ ಇಳಿಸಿ ಮುಚ್ಚಿಟ್ಟರು. ಕೋಳಿ ಒಲೆಗೆ ಏರಿದ್ದು ಆಮೇಲೆ. ಸೌಟು ಬೇರೆ, ಬಡಿಸುವ ಹುಡುಗರೂ ಬೇರೆ. ಗೋಬಿ ಕರಿದ ಎಣ್ಣೆಯಲ್ಲಿ ಮೀನು ಕರಿಯಬಹುದು, ಮೀನು ಕರಿದ ಎಣ್ಣೆಗೆ ಗೋಬಿ ಹಾಕುವ ಹಾಗಿಲ್ಲ ಅನ್ನುವುದು ಅವರ ಲೆಕ್ಕ.

ನನ್ನ ಗೆಳೆಯನೊಬ್ಬ ಶಾಲಾ ಮಾಸ್ಟ್ರು, ಶುದ್ಧ ಸಸ್ಯಾಹಾರಿ. ಎಲೆ ಮುಂದೆ ಕೂತವನೇ ಶುರು ಮಾಡಿದ: "ಮೆಣಸು ನಮ್ದು, ಕೊತ್ತಂಬರಿ ನಮ್ದು, ತೆಂಗಿನಕಾಯಿ ನಮ್ದು. ನಿಮ್ಮ ಕೋಳಿ ಸುಮ್ನೆ ಬಂದು ಮಧ್ಯ ಕೂತಿದೆ, ಅಷ್ಟೇ."

ನಾನೆಂದೆ: "ಹಾಗಾದ್ರೆ ನಿಮ್ಮ ಗುಜ್ಜೆ ಕೋಳಿ ವೇಷ ಹಾಕಿದ್ದು ಯಾಕೆ ಮಾರಾಯಾ?"

ಇಡೀ ಪಂಕ್ತಿ ನಕ್ಕಿತು. ಅಕ್ಕ ಸೌಟು ಹಿಡಿದುಕೊಂಡೇ, "ವೇಷ ಯಾರದ್ದೇ ಇರ್ಲಿ, ಬಣ್ಣ ಬಳ್ದದ್ದ್ ನಾನ್" ಎಂದರು. ಗೆದ್ದದ್ದು ಅವರೇ.

ಈ ಮಾತು ಯಾರಿಗೂ ನಾಟಲಿಲ್ಲ ಯಾಕೆ ಎಂದು ಆಮೇಲೆ ಯೋಚಿಸಿದೆ. ನಾವಿಬ್ಬರೂ ಆಡಿಕೊಂಡದ್ದು ಪದಾರ್ಥವನ್ನು. ಅದೇ ಮಾತು ಮನುಷ್ಯನ ಮನೆತನಕ್ಕೆ ಅಥವಾ ಜಾತಿಗೆ ತಾಗಿದರೆ ನಗು ಅಲ್ಲೇ ನಿಲ್ಲುತ್ತದೆ. "ಸೊಪ್ಪು ತಿಂದು ನಿಮಗೆಲ್ಲಿ ಶಕ್ತಿ" ಎನ್ನುವುದು ಹಳಸಿದ ಮಾತಾದರೂ ನಡೆಯುತ್ತದೆ. ಮೀನು ಕಂಡು ಮೂಗು ಮುಚ್ಚಿಕೊಂಡು "ಎಂತ ವಾಸನೆ" ಅನ್ನುವುದು ತಮಾಷೆಯೇ ಅಲ್ಲ. ಆ ವಾಸನೆಯಲ್ಲೇ ಹುಟ್ಟಿ, ಮೀನು ಮಾರಿದ ದುಡ್ಡಲ್ಲಿ ಶಾಲೆಗೆ ಹೋದವರು ಪಕ್ಕದಲ್ಲೇ ಕೂತಿರುತ್ತಾರೆ. ಡಿಪ್ಲೊಮಾ ಓದುವಾಗ ನಮ್ಮ ತರಗತಿಯ ಹುಡುಗಿಯೊಬ್ಬಳು ಇಂಥ ಒಂದು ಮಾತು ಕೇಳಿದ ಮೇಲೆ ಬುತ್ತಿ ತರುವುದನ್ನೇ ಬಿಟ್ಟಿದ್ದಳು.

ಹೇಳುವವನು ನಾನೇನು ಸಾಚಾ ಅಲ್ಲ. ಎಂಟು ವರ್ಷದ ಹಿಂದೆ ಇದೇ ಮಾಸ್ಟ್ರು ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಒಣ ಚಟ್ಲಿಯನ್ನು ಹುರಿದು, ಕಾಯಿ, ಮೆಣಸು, ಹುಳಿ ಹಾಕಿ ಅರೆದರೆ ನೋಡಲು ಬರೀ ಕಾಯಿಚಟ್ನಿಯ ಹಾಗೆಯೇ ಇರುತ್ತದೆ. ನಗುವುದಕ್ಕೆಂದು ಅದನ್ನೇ ಅವನ ಎಲೆಗೆ ಹಾಕಿಸಿದೆ. ಎರಡು ತುತ್ತು ಉಂಡ ಮೇಲೆ ಹೇಳಿದೆ. ಅವನು ಬೈಯಲಿಲ್ಲ. ಎದ್ದು ಕೈ ತೊಳೆದು, ಅಮ್ಮನಿಗೆ "ಬರ್ತೆ" ಎಂದು ಹೇಳಿ ಹೋದ. ಆಮೇಲೆ ಒಂದೂವರೆ ವರ್ಷ ನಾನು ಕೂತ ಪಂಕ್ತಿಯಲ್ಲಿ ಕೂರಲಿಲ್ಲ. ಚಟ್ಲಿ ಆಗದ ಮೈಯವರಿಗೆ ಊದಿಕೊಂಡು ಉಸಿರೇ ಕಟ್ಟಬಹುದು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ದಿನದ ನಂತರ. ಅವನಿಗೆ ಹಾಗೇನೂ ಆಗಲಿಲ್ಲ, ನನ್ನ ಪುಣ್ಯ. ಅಮ್ಮ ಆ ದಿನ ನನಗೆ ಬಡಿಸಲೇ ಇಲ್ಲ.

ರಾಜಿಯಾದದ್ದು ಕ್ಷಮೆ ಕೇಳಿ ಅಲ್ಲ. ಕ್ಷಮೆ ಎರಡು ಸಲ ಕೇಳಿದ್ದೆ, "ಆಯ್ತು ಬಿಡು" ಎಂದಿದ್ದ, ಅಷ್ಟೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಒಂದು ವರ್ಷ ಜೂನ್ ಮೊದಲ ದಿನ ಬೆಳಿಗ್ಗೆ ಅವನ ವಾಟ್ಸಾಪ್ ಬಂತು: "ಎರಡು ತಿಂಗಳು ನಮ್ಮ ಪಕ್ಷಕ್ಕೆ ಸ್ವಾಗತ." ಅಟ್ಟದಲ್ಲಿದ್ದ ಒಣ ಬಂಗುಡೆಯ ಫೋಟೋ ತೆಗೆದು, "ಪಕ್ಷಾಂತರ ಇಲ್ಲ" ಎಂದು ಕಳಿಸಿದೆ. ಈಗ ಪ್ರತಿ ವರ್ಷ ಅದೇ ದಿನ ಅದೇ ಸಂದೇಶ ಬರುತ್ತದೆ.

ಆ ಮೆಹಂದಿಯಲ್ಲಿ ನಾವು ಒಂದೇ ಸಾಲಲ್ಲಿ, ಆದರೆ ನಡುವೆ ಒಬ್ಬರನ್ನು ಬಿಟ್ಟು ಕೂತಿದ್ದೆವು. ಕೋಳಿ ಸಾರು ಅವನ ಎಲೆಗೆ ಸಿಡಿಯಬಾರದು ಎಂದು ನಾನೇ ಸರಿದಿದ್ದೆ. ಚಟ್ನಿ ಬಂದಾಗ ಅವನು ನನ್ನ ಮುಖ ನೋಡಿದ. "ಬರೀ ಕಾಯಿ, ಧೈರ್ಯವಾಗಿ ತಿನ್ನು" ಎಂದೆ.

ಅವನು ಅಡುಗೆ ಕಡೆ ತಿರುಗಿ, "ಅಕ್ಕಾ, ಚಟ್ನಿಗೆ ಎಂತ ಹಾಕಿದ್ರಿ?" ಎಂದು ಕೂಗಿ ಕೇಳಿದ. ಅಕ್ಕ ಹೇಳಿದ ಮೇಲೆಯೇ ಬಡಿಸಿಕೊಂಡ.