ಉಜ್ಜಿದರೆ ಬರುವ ಕಾರು

ಅಂಚೆಯಣ್ಣನ ಕೈಯಿಂದ ಬಂದದ್ದನ್ನು ನಮ್ಮ ಕಡೆಯವರು ಸುಲಭಕ್ಕೆ ಅನುಮಾನಿಸುವುದಿಲ್ಲ. ಪಿಂಚಣಿಯ ಮನಿಯಾರ್ಡರು, ಮಗನ ಕೆಲಸದ ಆರ್ಡರು, ಕೋರ್ಟಿನ ನೋಟೀಸು, ಮದುವೆಯ ಕರೆಯೋಲೆ ಎಲ್ಲವೂ ಆ ಖಾಕಿ ಚೀಲದಿಂದಲೇ ಬಂದವು. ಫೋನಿಗೆ ಬರುವ ಸಂದೇಶವನ್ನು ಓದದೆ ಅಳಿಸುವ ಅಜ್ಜ ಕೂಡ ಲಕೋಟೆ ಬಂದರೆ ಕನ್ನಡಕ ಹುಡುಕಿಕೊಂಡು, ಅಂಚನ್ನು ನೀಟಾಗಿ ಹರಿದು, ಕೊನೆಯ ಸಾಲಿನವರೆಗೆ ಓದುತ್ತಾರೆ. ಮೋಸಗಾರರು ಬಂಡವಾಳ ಮಾಡಿಕೊಂಡಿರುವುದು ಈ ಮರ್ಯಾದೆಯನ್ನೇ.

ತಿಪಟೂರಿನ ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರಿಗೆ ಒಂದು ದಿನ ದಪ್ಪ ಲಕೋಟೆ ಬಂತು. ಒಳಗೆ ಹೆಸರಾಂತ ಆನ್‌ಲೈನ್ ಅಂಗಡಿಯೊಂದರ ಲಾಂಛನವಿದ್ದ ಬಣ್ಣದ ಕಾಗದ, ದುಂಡು ಮೊಹರು, ಯಾರದೋ ಸಹಿ, ಜೊತೆಗೆ ಬೆಳ್ಳಿ ಬಣ್ಣದ ಪಟ್ಟಿಯಿದ್ದ ಒಂದು ಕಾರ್ಡು. ಎರಡು ತಿಂಗಳ ಹಿಂದೆ ಅವರು ಮಿಕ್ಸಿ ಜಾರು ತರಿಸಿಕೊಂಡಿದ್ದರು. ಪತ್ರದಲ್ಲಿ ಅವರ ಹೆಸರು, ವಿಳಾಸ, ಫೋನ್ ನಂಬರು ಸರಿಯಾಗಿತ್ತು. ಮೇಷ್ಟ್ರು ಎಂಟಾಣೆಯಿಂದ ಪಟ್ಟಿ ಉಜ್ಜಿದರು. ಎರಡನೇ ಬಹುಮಾನ, 12,80,000 ರೂಪಾಯಿಯ ಕಾರು!

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಷೇಧವಾಯಿತು. ಅದಕ್ಕೆ ಮೊದಲು ಬಸ್ ಸ್ಟ್ಯಾಂಡಿನ ಪಕ್ಕ ಹಗ್ಗಕ್ಕೆ ಟಿಕೆಟ್ ನೇತುಹಾಕಿ ಮಾರುತ್ತಿದ್ದುದು ನೆನಪಿದ್ದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಅಲ್ಲಿ ಸೋಲುವುದೇ ಸಾಮಾನ್ಯ, ಗೆಲ್ಲುವುದು ಅಪರೂಪ. ನಿಜವಾದ ಬಹುಮಾನದ ಕಾರ್ಡುಗಳಲ್ಲೂ ಹೆಚ್ಚಿನವು ಬರಿದಾಗಿಯೇ ಇರುತ್ತವೆ. ಕೊಡುವವನಿಗೆ ಕೈಯಿಂದ ಹಣ ಹೋಗುತ್ತದಲ್ಲ! ಆದರೆ ಅಂಚೆಯಲ್ಲಿ ಬರುವ ಈ ಕಾರ್ಡು ಯಾರು ಉಜ್ಜಿದರೂ ಗೆಲ್ಲುತ್ತದೆ. ಅದೂ ಮೊದಲ ಬಹುಮಾನ ಬರುವುದು ಕಡಿಮೆ, ಎರಡನೆಯದೋ ಮೂರನೆಯದೋ ಬರುತ್ತದೆ. ಮೊದಲನೆಯದೆಂದರೆ ನಂಬುವುದು ಕಷ್ಟ, ಎರಡನೆಯದೆಂದರೆ ‘ಇರಬಹುದು’ ಅನ್ನಿಸುತ್ತದೆ. ಆಸ್ಟ್ರೇಲಿಯಾದ ಮನೆಗಳಿಗೂ ಮಲೇಷ್ಯಾದಿಂದ ಪ್ರವಾಸ ಕಂಪನಿಯ ಹೆಸರಿನಲ್ಲಿ ಇಂಥ ಲಕೋಟೆಗಳು ಹೋಗಿವೆ. ಅವುಗಳಲ್ಲಿ ಎರಡು ಕಾರ್ಡು, ಒಂದು ಖಾಲಿ, ಇನ್ನೊಂದಕ್ಕೆ ಎರಡನೇ ಬಹುಮಾನ. ಖಾಲಿ ಕಾರ್ಡು ಇರುವುದು ಗೆದ್ದ ಕಾರ್ಡನ್ನು ನಂಬಿಸಲಿಕ್ಕೆ.

ಹೆಸರು, ವಿಳಾಸ ಅವರಿಗೆ ಹೇಗೆ ಸಿಕ್ಕಿತು ಎಂದು ಮೇಷ್ಟ್ರ ಮನೆಯವರು ಕೇಳಿದರು. ಪಾರ್ಸಲ್ ಡಬ್ಬಿಯ ಮೇಲೆ ಅಂಟಿಸಿದ ಚೀಟಿ ನೋಡಿ. ಹೆಸರು, ಮನೆ ನಂಬರು, ಪಿನ್‌ಕೋಡು, ಎಷ್ಟೋ ಸಲ ಫೋನ್ ನಂಬರೂ ಅದರಲ್ಲೇ ಇರುತ್ತದೆ. ಆ ಡಬ್ಬಿ ಎಷ್ಟು ಕೈ ದಾಟಿ ಬರುತ್ತದೆ, ಆಮೇಲೆ ನಾವು ಅದನ್ನು ಹಾಗೇ ಗುಜರಿಗೆ ಹಾಕುತ್ತೇವೆ. ಹೀಗೆ ಸಿಕ್ಕ ಹೆಸರು, ವಿಳಾಸಗಳ ಪಟ್ಟಿಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ. ಪತ್ರದಲ್ಲಿ ನಿಮ್ಮ ಹೆಸರು ಸರಿಯಾಗಿದೆ ಅಂದಮಾತ್ರಕ್ಕೆ ಅದು ಆ ಅಂಗಡಿಯಿಂದಲೇ ಬಂತು ಎಂದಲ್ಲ.

ಮೇಷ್ಟ್ರು ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಅತ್ತ ಕಡೆ ಕನ್ನಡದಲ್ಲೇ ಮಾತು, ಬಹಳ ವಿನಯ. ಕಾರು ಬೇಡವಾದರೆ ನಗದನ್ನೇ ತೆಗೆದುಕೊಳ್ಳಬಹುದು ಎಂದರು. ಆಧಾರ್ ಕಾರ್ಡು ಮತ್ತು ಪಾಸ್‌ಬುಕ್ಕಿನ ಫೋಟೋ ತರಿಸಿಕೊಂಡರು. ಮಾರನೇ ದಿನ ‘ಫೈಲ್ ಚಾರ್ಜು’ 6,500 ರೂಪಾಯಿ ಕೇಳಿದರು. ಅದು ಬಹುಮಾನದ ಜೊತೆ ವಾಪಸ್ ಬರುತ್ತದಂತೆ. ಕಟ್ಟಿದರು. ಮೂರು ದಿನ ಬಿಟ್ಟು ಜಿಎಸ್‌ಟಿ ಎಂದು ಶೇಕಡಾ 1, ಅಂದರೆ 12,800. ಅದನ್ನೂ ಕಟ್ಟಿದರು. ಆಮೇಲೆ ಬಂತು ದೊಡ್ಡ ಲೆಕ್ಕ: ಆದಾಯ ತೆರಿಗೆ ಶೇಕಡಾ 30, ಒಟ್ಟು 3,84,000, ಈಗ ಅರ್ಧ ಕಟ್ಟಿದರೂ ಸಾಕು. ‘ಮನೆಯಲ್ಲಿ ಯಾರಿಗೂ ಹೇಳಬೇಡಿ, ಬಹುಮಾನ ರದ್ದಾಗುತ್ತದೆ’ ಎಂಬ ಮಾತು ಬೇರೆ. ಠೇವಣಿ ಮುರಿಸಬೇಕು ಎಂದು ಮೇಷ್ಟ್ರು ನನ್ನ ಬಳಿ ಬಂದದ್ದು ಆಗ. ನಾನು ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು.

“ಏನಪ್ಪಾ, ಬಹುಮಾನಕ್ಕೆ ತೆರಿಗೆ ಇರೋದು ನಿಜ ತಾನೆ?” ಎಂದು ಕೇಳಿದರು.

ನಿಜವೇ. ಹತ್ತು ಸಾವಿರ ದಾಟಿದ ಬಹುಮಾನಕ್ಕೆ ಶೇಕಡಾ 30 ತೆರಿಗೆ ಇದೆ. ಮೋಸಕ್ಕೆ ಜೀವ ತುಂಬುವುದೇ ಈ ಸತ್ಯ. ಆದರೆ ನಗದು ಬಹುಮಾನವಾದರೆ ಕೊಡುವವನೇ ತೆರಿಗೆ ಮುರಿದುಕೊಂಡು ಉಳಿದದ್ದನ್ನು ಕೊಡಬೇಕು. ಗೆದ್ದವರಿಂದ ಮುಂಗಡ ಕೇಳುವ ಪ್ರಶ್ನೆಯೇ ಬರುವುದಿಲ್ಲ. ಕಾರಿನಂಥ ವಸ್ತುವಿನ ವಿಷಯ ಸ್ವಲ್ಪ ಬೇರೆ. ಕಾರನ್ನು ಕತ್ತರಿಸಿ ತೆರಿಗೆ ಕೊಡಲಾಗದು, ಹಾಗಾಗಿ ತೆರಿಗೆ ಕಟ್ಟಿದ ಮೇಲೆಯೇ ವಸ್ತು ಬಿಡಬೇಕೆಂಬ ನಿಯಮವಿದೆ. ಆಗ ಗೆದ್ದವರಿಂದ ಆ ಹಣ ಪಡೆಯುವುದುಂಟು. ಆದರೆ ಆ ತೆರಿಗೆ ಸರ್ಕಾರಕ್ಕೆ ಜಮೆಯಾಗಿ ನಿಮ್ಮ ಪ್ಯಾನ್ ಲೆಕ್ಕದಲ್ಲಿ ಕಾಣಿಸುತ್ತದೆ. ಮೇಷ್ಟ್ರು ಹಣ ಹಾಕಿದ್ದು ಯಾರೋ ಒಬ್ಬ ವ್ಯಕ್ತಿಯ ಉಳಿತಾಯ ಖಾತೆಗೆ. ತೆರಿಗೆ ಎಂದೂ ಅಂಥ ಖಾತೆಗೆ ಹೋಗುವುದಿಲ್ಲ.

ನಾನು ನನ್ನ ಮುಂದೆಯೇ ಅವರಿಂದ ಫೋನ್ ಮಾಡಿಸಿ, “ಮೇಷ್ಟ್ರೇ, ನಗದೇ ಬೇಕು, ತೆರಿಗೆ ಹಿಡಿದುಕೊಂಡು ಮಿಕ್ಕಿದ್ದು ಕೊಡಿ ಅನ್ನಿ” ಎಂದೆ. ಅತ್ತಲಿಂದ ಮೊದಲು ‘ರೂಲ್ಸ್ ಇಲ್ಲ ಸಾರ್’ ಎಂದು ಉತ್ತರ ಬಂತು, ಆಮೇಲೆ ಗದರಿಕೆ, ಕೊನೆಗೆ ಫೋನ್ ಕಟ್. ಕೊಡಲು ಹಣವೇ ಇಲ್ಲದವನು ಯಾವುದರಿಂದ ಮುರಿದುಕೊಂಡಾನು? ಇಂಥ ಪತ್ರ ಬಂದವರೆಲ್ಲ ಕೇಳಬೇಕಾದ ಪ್ರಶ್ನೆ ಇದೊಂದೇ.

ಲಕೋಟೆಯೂ ಸಾಕ್ಷಿ ಹೇಳಿತು. ಸ್ಪೀಡ್ ಪೋಸ್ಟ್ ಚೀಟಿಯಲ್ಲಿ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ IN ಎಂಬ ಸಂಖ್ಯೆ ಇರುತ್ತದೆ. ಅದನ್ನು ಅಂಚೆ ಇಲಾಖೆಯ ತಾಣದಲ್ಲಿ ಹಾಕಿದರೆ ಯಾವ ಕಚೇರಿಯಲ್ಲಿ ಬುಕ್ ಆಯಿತೆಂದು ತಿಳಿಯುತ್ತದೆ. ಪತ್ರದ ತಲೆಯಲ್ಲಿದ್ದ ಊರೇ ಬೇರೆ, ಬುಕ್ ಆದ ಊರೇ ಬೇರೆ. ಅಂಚೆಯಣ್ಣನನ್ನು ಕೇಳಿದರೆ, ಆ ವಾರ ಅಂಥದ್ದೇ ಲಕೋಟೆ ಇನ್ನೂ ಕೆಲವು ಮನೆಗೆ ಕೊಟ್ಟೆ ಎಂದ. ಹಿಂದಿನ ಬೀದಿಯವರ ಕಾರ್ಡು ತಂದು ಪಕ್ಕದಲ್ಲಿಟ್ಟೆವು. ಅದೇ ಎರಡನೇ ಬಹುಮಾನ, ಅದೇ ಮೊತ್ತ. ಮೇಷ್ಟ್ರು ಎರಡೂ ಕಾರ್ಡುಗಳನ್ನು ಬಹಳ ಹೊತ್ತು ನೋಡುತ್ತ ಕೂತರು. ಅವರು ದಡ್ಡರಲ್ಲ. ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. 6,500 ಹೋದ ಮೇಲೆ ಅದನ್ನು ಉಳಿಸಿಕೊಳ್ಳಲೆಂದೇ 12,800 ಕಟ್ಟಿದ್ದರು. ಮೊದಲ ಶುಲ್ಕ ಚಿಕ್ಕದಾಗಿರುವುದೂ, ವಾಪಸ್ ಕೊಡುತ್ತೇವೆ ಎನ್ನುವುದೂ ಈ ಎರಡನೇ ಹೆಜ್ಜೆ ಇಡಿಸುವುದಕ್ಕೇ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ಹಣ ಕಟ್ಟಿದ ಕೂಡಲೇ ಹೇಳಿದ್ದರೆ ಆ ಖಾತೆಯಲ್ಲಿ ತಡೆಹಿಡಿಸುವ ಅವಕಾಶವಿತ್ತು. ವಾರ ಕಳೆದಿತ್ತು, 19,300 ರೂಪಾಯಿಯೂ ಖಾತೆಯಿಂದ ಖಾಲಿಯಾಗಿತ್ತು. ತಿಂಗಳ ನಂತರ ‘ವಕೀಲ’ನೊಬ್ಬನ ಫೋನು ಬಂತು: ಕಳೆದುಕೊಂಡ ಹಣ ವಾಪಸ್ ಕೊಡಿಸುತ್ತೇನೆ, ಮೊದಲು 3,000 ಕಟ್ಟಿ ಎಂದು. ಒಮ್ಮೆ ಕೊಟ್ಟವರ ಪಟ್ಟಿಗೆ ಬೆಲೆ ಇನ್ನೂ ಜಾಸ್ತಿ. ಈ ಸಲ ಮೇಷ್ಟ್ರು ಪೂರ್ತಿ ಕೇಳದೆ ಫೋನ್ ಇಟ್ಟರು.

ನಿಮ್ಮ ಮನೆಯ ಹಿರಿಯರಿಗೆ ಇಂಥ ಲಕೋಟೆ ಬಂದರೆ ದಯವಿಟ್ಟು ಗದರಬೇಡಿ. ಗದರಿದರೆ ಮುಂದಿನ ಸಲ ಅವರು ನಿಮ್ಮಿಂದಲೂ ಮುಚ್ಚಿಡುತ್ತಾರೆ, ಮೋಸಗಾರನಿಗೆ ಬೇಕಾದದ್ದೂ ಅದೇ. ಪಕ್ಕದಲ್ಲಿ ಕೂತು ಪತ್ರ ಓದಿ. ಲಕೋಟೆ, ಕಾರ್ಡು, ಹಣ ಕಟ್ಟಿದ ರಸೀದಿ ಯಾವುದನ್ನೂ ಬಿಸಾಡಬೇಡಿ. ಹಣ ಹೋಗಿದ್ದರೆ ಅದೇ ಗಳಿಗೆ 1930ಕ್ಕೆ ಫೋನ್ ಮಾಡಿ, ನಾಳೆಗೆ ಇಡಬೇಡಿ.