ಎರೆ ಭೂಮಿ ನೀರು ಕುಡಿದಂತೆ ಮಾಡಿತು

ಹೋದ ಬೇಸಿಗೆಯ ಇಂಟರ್ನ್‌ಶಿಪ್‌ನಲ್ಲಿ ನನಗೆ ಸಿಕ್ಕ ಕೆಲಸ ಕೇಳಿ ಗೆಳೆಯರು ನಕ್ಕಿದ್ದರು. ಲಕ್ಷ್ಮೇಶ್ವರದ ಹೊರಗೆ ಒಂದು ಗೋದಾಮು ಕಟ್ಟೋ ಸೈಟು. ಪಾಯ ತೋಡೋದಕ್ಕೆ ಮೊದಲು ಇಪ್ಪತ್ನಾಲ್ಕು ಜನ ಕೆಲಸಗಾರರಿಗೆ ನೀರು, ಕರೆಂಟು, ಸಿಮೆಂಟ್ ಇಡೋ ತಗಡಿನ ಶೆಡ್ಡು, ಸಂಡಾಸ ಆಗಬೇಕಿತ್ತು. ಸಂಡಾಸದ ಗುಂಡಿ ನನ್ನ ಪಾಲಿಗೆ ಬಂತು.

ಗುಂಡಿ ತೋಡುವ ಮೊದಲು ಮಣ್ಣು ನೀರನ್ನು ಎಷ್ಟು ಬೇಗ ಹೀರುತ್ತದೆ ಅಂತ ನೋಡಬೇಕು. ಒಂದು ಸಣ್ಣ ಕುಣಿ ತೋಡಿ, ತಳಕ್ಕೆ ಎರಡು ಇಂಚು ಜಲ್ಲಿ ಹಾಕಿ, ನೀರು ತುಂಬಿ, 25 ಮಿಲಿಮೀಟರ್ ಇಳಿಯೋಕೆ ಎಷ್ಟು ನಿಮಿಷ ಬೇಕು ಅಂತ ಅಳೆಯೋದು. 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿ ನಡೆಯುತ್ತದೆ. 60 ನಿಮಿಷ ದಾಟಿದರೆ ಆ ಮಣ್ಣಿಗೆ ಇಂಗಿಸುವ ಆಸೆಯನ್ನೇ ಬಿಡಬೇಕು. ನಾನು ಮೇ ತಿಂಗಳ ಮಟಮಟ ಮಧ್ಯಾಹ್ನ ನೀರು ಸುರಿದೆ. ಎರಡು ನಿಮಿಷದೊಳಗೆ 25 ಮಿಲಿಮೀಟರ್ ಇಳಿಯಿತು. ಖುಷಿಯಿಂದ ನೋಟ್‌ಬುಕ್ಕಿನಲ್ಲಿ 'ಪಾಸ್' ಅಂತ ಬರೆದೆ.

ಪಕ್ಕದಲ್ಲಿ ನಿಂತಿದ್ದ ಹಿರಿಯ ಗೌಂಡಿ ಅಂದ್ರು, "ತಮ್ಮಾ, ಎರಿ ಹೊಲ ಈಗ ಬಾಯಿ ತೆರದೈತಿ, ಕುಡೀತೈತಿ. ಒಮ್ಮೆ ಹೊಟ್ಟಿ ತುಂಬಿದ್ರ ಬಾಯಿ ಮುಚ್ಚತೈತಿ ನೋಡು." ನಾನು ಹೂಂ ಅಂದೆ, ಆದರೆ ಕೇಳಿಸಿಕೊಳ್ಳಲಿಲ್ಲ.

1.2 ಮೀಟರ್ ಅಗಲದ ಗುಂಡಿ, ಬಳಕೆಗೆ ಸಿಗೋ ಆಳ 1.5 ಮೀಟರ್. ಅಂದರೆ ಸುಮಾರು 1,700 ಲೀಟರ್. ಸಂಡಾಸದ ನೀರು ತಲೆಗೆ 8 ಲೀಟರ್‌ನಂತೆ ದಿನಕ್ಕೆ 200 ಲೀಟರ್. ಜೊತೆಗೆ ಪೈಪು ಉಳಿಯುತ್ತೆ ಅಂತ ಬಚ್ಚಲ ನೀರನ್ನೂ ಅದಕ್ಕೇ ಬಿಟ್ಟಿದ್ದೆ, ಅದು ಇನ್ನೊಂದು 600 ಲೀಟರ್. ನೆಲ ಏನೂ ಹೀರದಿದ್ದರೆ ಎರಡೇ ದಿನಕ್ಕೆ ಗುಂಡಿ ತುಂಬಬೇಕು. ಬಿರುಕುಗಳು ಒಂದಿಷ್ಟು ಕುಡಿದಿದ್ದರಿಂದ ನಾಲ್ಕನೇ ದಿನ ಬೆಳಿಗ್ಗೆ ತುಂಬಿ ಹರಿಯಿತು.

ಮೊದಲು ಗೊತ್ತಾಗಿದ್ದು ವಾಸನೆಯಿಂದ ಅಲ್ಲ, ಕರೆಂಟಿನಿಂದ. ಪಂಪಿನ ವೈರಿನ ಒಂದು ಜಾಯಿಂಟು ನೆಲದ ಮೇಲೆ ಬಿದ್ದಿತ್ತು. ಹರಿದ ನೀರು ಅದನ್ನು ಮುಟ್ಟಿ, ಬೋರ್ಡಿನ 30 ಮಿಲಿಆಂಪಿಯರ್ ಆರ್‌ಸಿಸಿಬಿ ಮತ್ತೆ ಮತ್ತೆ ಬೀಳತೊಡಗಿತು. "ಅದನ್ನ ಬೈಪಾಸ್ ಮಾಡ್ರಿ" ಅಂದವರೂ ಇದ್ದರು. ಮಾಡಿದ್ದರೆ ಆ ಹಸಿ ನೆಲದಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದವರ ಗತಿ ಏನಾಗುತ್ತಿತ್ತು ಅಂತ ಈಗಲೂ ನೆನೆಯುತ್ತೇನೆ. ನೀರು ಕುಡಿಯುವ ನೀರಿನ ಡ್ರಮ್ಮಿನ ಕಡೆಗೂ ಹರಿದಿತ್ತು. ಸಂಡಾಸ, ಬಚ್ಚಲಿನಿಂದ ಕುಡಿಯುವ ನೀರು ಕನಿಷ್ಠ 6 ಮೀಟರ್ ದೂರ ಇರಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ನಮ್ಮದು ನಾಲ್ಕು ಮೀಟರಲ್ಲಿತ್ತು. ಶೆಡ್ಡಿನ ಸಿಮೆಂಟ್ ಚೀಲಗಳು ಮಾತ್ರ ಉಳಿದವು, ಯಾಕಂದರೆ ಗೌಂಡಿ ಅವನ್ನು ಕಲ್ಲಿನ ಮೇಲೆ ಹಲಗೆ ಹಾಕಿ ಎತ್ತರಕ್ಕೆ ಒಟ್ಟಿಸಿದ್ದರು.

"ಯಾರನ್ನಾದ್ರೂ ಇಳಿಸಿ ಬಕೆಟ್‌ನಿಂದ ತೆಗಸೋಣ" ಅನ್ನೋ ಮಾತೂ ಬಂತು. ನಾನು ಒಪ್ಪಲಿಲ್ಲ. 2013ರ ಕಾನೂನು ಅದನ್ನು ನಿಷೇಧಿಸಿದೆ, ಗುಂಡಿಯೊಳಗಿನ ವಿಷಾನಿಲ ಕಣ್ಣಿಗೆ ಕಾಣೋದಿಲ್ಲ. ಸಕ್ಕಿಂಗ್ ಗಾಡಿ ಕರೆಸಿದೆವು.

ಆಮೇಲೆ ಅದೇ ಪರೀಕ್ಷೆಯನ್ನು ಸರಿಯಾಗಿ ಮಾಡಿದೆ. ಹೊಸ ಕುಣಿಗೆ ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಟ್ಟೆ. ಬೆಳಿಗ್ಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿದ್ದವು. ಅರ್ಧ ಗಂಟೆಯಲ್ಲಿ ನೀರು ಇಳಿದದ್ದು 5 ಮಿಲಿಮೀಟರ್. ಅಂದರೆ 25ಕ್ಕೆ ಎರಡೂವರೆ ತಾಸು! ಮಧ್ಯಾಹ್ನ ನಾನು ಅಳೆದದ್ದು ಮಣ್ಣನ್ನಲ್ಲ, ಬಿರುಕನ್ನು. ಶಿರಹಟ್ಟಿ ಕಡೆ ಮಸಾರಿ ಹೊಲ ಸಿಕ್ಕಿದ್ದರೆ ಈ ಗುಂಡಿಯೇ ನಡೆಯುತ್ತಿತ್ತೇನೋ. ಆದರೆ ಅಲ್ಲಿಯೂ ನೆನೆಸದೆ ಅಳೆಯಬಾರದು.

ಕೊನೆಗೆ ಇಂಗಿಸೋದು ಬಿಟ್ಟು ಹಿಡಿದಿಡೋದು ಅಂತ ತೀರ್ಮಾನವಾಯಿತು. 1.8 ಮೀಟರ್ ಅಗಲದ ಸಿಮೆಂಟ್ ರಿಂಗುಗಳು, ತಳಕ್ಕೆ ಕಾಂಕ್ರೀಟ್, ಸಂದುಗಳಿಗೆ ಗಾರೆ, ಮೇಲೆ ಮುಚ್ಚಳ ಮತ್ತು ಗಾಳಿ ಪೈಪು. ಪ್ಲಾಸ್ಟಿಕ್ ಟ್ಯಾಂಕ್ ಹೂಳಲಿಲ್ಲ. ಮಳೆಗೆ ನೆಲ ನೆನೆದರೆ ಖಾಲಿ ಟ್ಯಾಂಕ್ ಮೇಲೆದ್ದು ಬರುತ್ತದೆ. ಬಳಸುವ ಮೊದಲು ಒಂದು ದಿನ ನೀರು ತುಂಬಿಟ್ಟು ಮಟ್ಟ ಇಳಿಯುತ್ತದೋ ಅಂತ ಗುರುತು ಹಾಕಿ ನೋಡಿದೆವು. ಬಳಕೆಗೆ 4,500 ಲೀಟರ್, ದಿನಕ್ಕೆ 200ರಂತೆ 22 ದಿನ. ಹದಿನೆಂಟನೇ ದಿನಕ್ಕೇ ಗಾಡಿಗೆ ಹೇಳೋದು ಅಂತ ಶೆಡ್ಡಿನ ಗೋಡೆ ಮೇಲೆ ಬರೆದಿಟ್ಟೆ. ಬಚ್ಚಲ ನೀರನ್ನು ಬೇರೆ ಮಾಡಿ, ದಿನಾ ಸಂಜೆ ಲಾರಿ ಓಡಾಡೋ ದಾರಿಯ ಧೂಳಿಗೆ ಚಿಮುಕಿಸಿದೆವು. ನಿಂತರೆ ಸೊಳ್ಳೆ ಅಲ್ವಾ. ಕುಡಿಯುವ ನೀರನ್ನು ದಿಬ್ಬದ ಮೇಲಿನ ಸ್ಟ್ಯಾಂಡಿಗೆ, ವೈರನ್ನು ಕಂಬಕ್ಕೆ ಏರಿಸಿದೆವು.

ನೋಟ್‌ಬುಕ್ಕಿನಲ್ಲಿ ಆ 'ಪಾಸ್' ಇನ್ನೂ ಇದೆ. ಅಳಿಸಿಲ್ಲ. ಪಕ್ಕದಲ್ಲಿ ಗೌಂಡಿಯವರ ಮಾತನ್ನು ಬರೆದುಕೊಂಡಿದ್ದೇನೆ.