ಪ್ಲಾಸ್ಟರ್ ಮೇಲಿನ ರಾತ್ರಿ

ಆಂಬ್ಯುಲೆನ್ಸಿನಲ್ಲಿ ನೋಟ್‌ಬುಕ್ ಹಿಡಿಯಲು ಬಿಡುವಿಲ್ಲ. ಅದಕ್ಕೇ ನಾವು ಇಎಂಟಿಗಳು ಬಿಳಿ ಪ್ಲಾಸ್ಟರನ್ನು ಉದ್ದಕ್ಕೆ ಹರಿದು ಪ್ಯಾಂಟಿನ ತೊಡೆಗೆ ಅಂಟಿಸಿಕೊಂಡು, ಸಿಕ್ಕಿದ್ದನ್ನೆಲ್ಲ ಅದರ ಮೇಲೆ ಗೀಚುತ್ತೇವೆ. ರೋಗಿಯನ್ನು ಒಪ್ಪಿಸಿದ ಮೇಲೆ ಆ ಪಟ್ಟಿಯನ್ನು ಕಿತ್ತು ಕ್ಲಿಪ್‌ಬೋರ್ಡಿನ ಅಂಚಿಗೆ ಹಚ್ಚಿ, ಪಿಸಿಆರ್ ಫಾರಂ ಬಿಡಿಸಿ ಕೂರುತ್ತೇನೆ. ಸಹೋದ್ಯೋಗಿಗಳಿಗೆ ಇದು ತಲೆನೋವು. ನನಗೋ, ಇಡೀ ಪಾಳಿಯಲ್ಲಿ ಇದಕ್ಕಿಂತ ರುಚಿಯಾದ ಕೆಲಸವಿಲ್ಲ.

ಹೆದ್ದಾರಿಯ ಒಂದು ಬೈಕ್ ಕೇಸಿನ ಪಟ್ಟಿ ಹೀಗಿತ್ತು: ‘ಡಿವೈಡರ್. ಹೆಲ್ಮೆಟ್ ಇಲ್ಲ. ಬಲ ತೊಡೆ ಊತ, ಸೊಟ್ಟ. ಪಾದ ಪಲ್ಸ್ ಇದೆ. 10.44: 124, 96/60, 28, 92. ಇ3 ವಿ4 ಎಂ6. ಶುಗರ್ 118. ವಾಸನೆ.’

ಮೊದಲು ‘ವಾಸನೆ’ಯನ್ನು ತೆಗೆದುಕೊಳ್ಳೋಣ. ಸುತ್ತ ನೆರೆದವರೆಲ್ಲ ‘ಫುಲ್ ಟೈಟ್ ಸಾರ್’ ಎಂದಿದ್ದರು. ಫಾರಂನಲ್ಲಿ ನಾನು ಬರೆದದ್ದು ‘ಬಾಯಿಂದ ಮದ್ಯದ ವಾಸನೆ’ ಎಂದಷ್ಟೇ. ಕುಡಿದಿದ್ದಾನೆ ಎಂದು ತೀರ್ಪು ಕೊಟ್ಟುಬಿಟ್ಟರೆ ಅವನ ತೊದಲಿಗೆ ಅಲ್ಲೇ ಕಾರಣ ಸಿಕ್ಕಂತಾಗುತ್ತದೆ. ತಲೆಗೆ ಬಿದ್ದ ಪೆಟ್ಟನ್ನು ಆಮೇಲೆ ಯಾರೂ ಹುಡುಕುವುದಿಲ್ಲ. ಇ3 ವಿ4 ಎಂ6 ಎಂದರೆ ಕೂಗಿದರೆ ಕಣ್ಣು ಬಿಡುತ್ತಾನೆ, ಮಾತು ಗೊಂದಲ, ಹೇಳಿದಂತೆ ಕೈ ಎತ್ತುತ್ತಾನೆ. ಮೂರೂ ಸೇರಿ 13. ಒಟ್ಟು ಅಂಕವೊಂದನ್ನೇ ಬರೆದರೆ ಎಲ್ಲಿ ಕುಗ್ಗಿದೆ ಎಂದು ತಿಳಿಯದು, ಹಾಗಾಗಿ ಮೂರನ್ನೂ ಬಿಡಿಬಿಡಿಯಾಗಿ ಬರೆಯುತ್ತೇನೆ. ಶುಗರ್ 118 ಅದರ ಪಕ್ಕದಲ್ಲೇ ಇರಬೇಕು. ಗೊಂದಲಕ್ಕೆ ಸಕ್ಕರೆ ಇಳಿದದ್ದು ಕಾರಣವಲ್ಲ ಎಂದು ಓದುವವರಿಗೆ ಗೊತ್ತಾಗಲಿ.

ಇನ್ನು ಆ ನಾಲ್ಕು ಅಂಕಿಗಳು. ನಾಡಿ 124, ಬಿಪಿಯ ಮೇಲಿನ ಅಂಕಿ 96. ನಾಡಿ ಬಿಪಿಯನ್ನು ದಾಟಿ ಹೋಗಿದೆ ಎಂದರೆ ರಕ್ತ ಎಲ್ಲೋ ಸೋರುತ್ತಿದೆ ಎಂದೇ ಅನುಮಾನಿಸಬೇಕು. ಹೊರಗೆ ಹನಿ ರಕ್ತ ಕಾಣದಿದ್ದರೂ ಮುರಿದ ತೊಡೆಮೂಳೆಯ ಸುತ್ತ ಒಂದು ಲೀಟರಿಗೂ ಹೆಚ್ಚು ಅಡಗಬಲ್ಲದು. ಉಸಿರು 28 ಎಂದು ಬರೆಯಲು ನನಗೆ ಹೆಮ್ಮೆ, ಏಕೆಂದರೆ ಅದನ್ನು ಎದೆ ನೋಡಿ ಎಣಿಸಿದ್ದೇನೆ. ಹಳೆಯ ಶೀಟುಗಳನ್ನು ತಿರುವಿದಾಗ ಎಲ್ಲರ ಉಸಿರೂ 20 ಎಂದಿದ್ದರೆ, ಅಲ್ಲಿ ಯಾರೂ ಎಣಿಸಿಲ್ಲ ಎಂದು ತಿಳಿಯಿರಿ.

ಚಿಕಿತ್ಸೆಯ ಕಾಲಂನಲ್ಲಿ ‘ಆಕ್ಸಿಜನ್ ಕೊಟ್ಟೆ, ಸ್ಪ್ಲಿಂಟ್ ಕಟ್ಟಿದೆ’ ಎಂದರೆ ಅರ್ಧ ವಾಕ್ಯವಾಯಿತು. ಎಷ್ಟು ಲೀಟರ್, ಯಾವ ಮಾಸ್ಕ್, ಎಷ್ಟು ಹೊತ್ತಿಗೆ, ಆಮೇಲೆ ಏನಾಯಿತು? ಚೀಲವಿರುವ ಮಾಸ್ಕಿನಲ್ಲಿ ನಿಮಿಷಕ್ಕೆ 15 ಲೀಟರ್. ಸ್ಯಾಚುರೇಶನ್ 92 ಇದ್ದದ್ದು 98 ಆಯಿತು. ಸ್ಪ್ಲಿಂಟ್ ಕಟ್ಟುವ ಮುನ್ನ ಪಾದದ ಮೇಲ್ಭಾಗದಲ್ಲಿ ನಾಡಿ ಸಿಕ್ಕಿತ್ತು, ಕಟ್ಟಿದ ಮೇಲೂ ಸಿಕ್ಕಿತು, ಬೆರಳು ಆಡಿಸಿದ. ಆ ‘ಮೇಲೂ’ ಪಟ್ಟಿಯಲ್ಲಿ ಇರಲಿಲ್ಲ, ಬೆರಳ ತುದಿಯ ನೆನಪಿನಲ್ಲಿತ್ತು. ಅದಕ್ಕೇ ಫಾರಂ ತುಂಬುವುದನ್ನು ಮರುದಿನಕ್ಕೆ ಇಡಬಾರದು.

ನನಗೆ ಅತಿ ಇಷ್ಟವಾದದ್ದು ಗಡಿಯಾರಗಳ ಜಗಳ ಬಿಡಿಸುವುದು. ಕಂಟ್ರೋಲ್ ರೂಮಿನ ಪ್ರಕಾರ ಕರೆ 10.21ಕ್ಕೆ, ನಾವು ಸ್ಥಳ ತಲುಪಿದ್ದು 10.34ಕ್ಕೆ. ಪಟ್ಟಿಯ 10.44 ಮಾನಿಟರಿನ ಪರದೆ ನೋಡಿ ಬರೆದದ್ದು. ಇದ್ದದ್ದನ್ನು ಇದ್ದಂತೆ ಇಳಿಸಿದರೆ, ಸ್ಥಳದಲ್ಲಿ 10 ನಿಮಿಷ ರೋಗಿಯನ್ನು ಮುಟ್ಟದೆ ನಿಂತಿದ್ದೆವು ಎಂದಾಗುತ್ತದೆ. ಮಾನಿಟರನ್ನು ಮೊಬೈಲಿನ ಪಕ್ಕ ಹಿಡಿದು ನೋಡಿದೆ: 6 ನಿಮಿಷ ಮುಂದೆ ಓಡುತ್ತಿತ್ತು. ಕಂಟ್ರೋಲ್ ರೂಮಿನ ಹೊತ್ತಿಗೆ ಮೊಬೈಲ್ ಸರಿಯಾಗಿ ಹೊಂದುತ್ತಿತ್ತು. ಹಾಗಾದರೆ ಮೊದಲ ವೈಟಲ್ಸ್ 10.38ಕ್ಕೆ. ‘ಮಾನಿಟರ್ 6 ನಿಮಿಷ ಮುಂದೆ, ಸರಿಪಡಿಸಿದೆ’ ಎಂದು ಷರಾ ಬರೆದೆ. ಪ್ರಿಂಟ್ ತೆಗೆದವರಿಗೆ ಎರಡು ಹೊತ್ತು ಕಂಡರೆ ತಿದ್ದುಪಡಿ ಕಳ್ಳತನವಾಗಿ ತೋರಬಾರದಲ್ಲ. ಆಮೇಲಿನದೆಲ್ಲ ಬಿಡಿಸಿದ ಸಿಕ್ಕಿನಂತೆ ಸಲೀಸು: 10.52ಕ್ಕೆ ಹೊರಟೆವು, 11.05ಕ್ಕೆ ಎರಡನೇ ವೈಟಲ್ಸ್. 250 ಎಂಎಲ್ ರಿಂಗರ್ ಲ್ಯಾಕ್ಟೇಟ್ ಹೋದ ಮೇಲೆ ನಾಡಿ 112, ಬಿಪಿ 104/66. ತುಸು ಸುಧಾರಣೆ, ಆದರೆ ನಾಡಿ ಇನ್ನೂ ಮೇಲೇ ಇದೆ.

ಆಸ್ಪತ್ರೆ ತಲುಪಿದ್ದು 11.15ಕ್ಕೆ. ಕ್ಯಾಶುವಾಲ್ಟಿಯಲ್ಲಿ ಬೆಡ್ ಖಾಲಿ ಇರಲಿಲ್ಲ. ಸಿಗುವವರೆಗೂ ಅವನು ನಮ್ಮ ಸ್ಟ್ರೆಚರಿನ ಮೇಲೆ, ನಮ್ಮ ಆಕ್ಸಿಜನ್ನಿನಲ್ಲಿ, ನಮ್ಮ ಹೊಣೆಯಲ್ಲಿ. 11.22ಕ್ಕೆ ಮತ್ತೊಮ್ಮೆ ನಾಡಿ ನೋಡಿ ಬರೆದೆ: 114. ಬೆಡ್ ಸಿಕ್ಕಿ, ಡ್ಯೂಟಿ ಡಾಕ್ಟರಿಗೆ ಬಾಯಲ್ಲಿ ಎಲ್ಲ ಹೇಳಿ ಮುಗಿದದ್ದು 11.28ಕ್ಕೆ.

‘ಬಂದದ್ದು ಹನ್ನೊಂದೂಕಾಲಿಗೇ ಅಲ್ಲವೇನ್ರೀ, ಹ್ಯಾಂಡೋವರ್ 11.15 ಅಂತ ಹಾಕಿ’ ಎಂದರು ಅವರು.

‘ಸರ್, ಅದು ಬಂದ ಟೈಮು. ಒಪ್ಪಿಸಿದ್ದು 28ಕ್ಕೆ. ಮಧ್ಯೆ ಒಂದು ಪಲ್ಸ್ ಕೂಡ ಇದೆ ನೋಡಿ’ ಎಂದು 11.22ರ ಸಾಲಿನ ಮೇಲೆ ಪೆನ್ನಿಟ್ಟೆ.

ಅವರು 114ನ್ನು ನೋಡಿದರು, ರೋಗಿಯ ಕಡೆ ತಿರುಗಿ ‘ಸಿಸ್ಟರ್, ಬ್ಲಡ್ ಗ್ರೂಪಿಂಗ್ ಕಳಿಸಿ’ ಎಂದರು, 11.28ರ ಪಕ್ಕ ಸಹಿ ಹಾಕಿದರು.